ತಿರುವು, ನೆಗೆತ, ಇಳಿತ: ಶಾಲೆಯಲ್ಲಿ ಎತ್ತರ ಜಿಗಿತ ಕಲಿಸುವ ಕ್ರಮ

(ಸುವರ್ಣ ಮಹೋತ್ಸವದ ಗುರುವಂದನಾ ಕಾರ್ಯಕ್ರಮದಲ್ಲಿ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಪಿ.ಟಿ. ಮಾಸ್ಟ್ರಿಗೆ ಮೈಕ್ ಕೊಟ್ಟರೆ ಸೀಟಿ ಊದಿದಷ್ಟೇ ಚುಟುಕಾಗಿ ಮುಗಿಸುತ್ತಾರೆ ಎಂದು ಸಂಘಟಕರು ನಂಬಿದಂತಿದೆ. ಆದಷ್ಟು ಪ್ರಯತ್ನಿಸುತ್ತೇನೆ. ಮಹೋತ್ಸವದ ನಿಧಿಯಿಂದ ಶಾಲೆಗೆ ಎತ್ತರ ಜಿಗಿತದ ಮ್ಯಾಟ್ ತರಬೇಕೆಂಬ ಮಾತು ಹಳೆ ವಿದ್ಯಾರ್ಥಿಗಳಲ್ಲಿ ನಡೆದಿದೆ ಎಂದು ಕೇಳಿದೆ. ಸಂತೋಷ. ಆದರೆ ಬೆಳಿಗ್ಗೆ ಮೈದಾನದ ಮೂಲೆಯಲ್ಲಿ ನಾನು ಕಂಡದ್ದು ಬೇರೆ. ಮೂವರು ಹುಡುಗರು ಮೊಬೈಲಿನಲ್ಲಿ ನೋಡಿದಂತೆ ಬೆನ್ನು ತಿರುಗಿಸಿ ಹಾರುತ್ತಿದ್ದರು, ಬೀಳುತ್ತಿದ್ದುದು ಮಳೆಗೆ ಗಟ್ಟಿಯಾದ ಹೊಯ್ಗೆಯ ಹೊಂಡಕ್ಕೆ. ನಿಲ್ಲಿಸಿ ಬಂದೆ. ಹಾಗಾಗಿ ಇವತ್ತು ಎತ್ತರ ಜಿಗಿತವನ್ನು ಯಾವ ಕ್ರಮದಲ್ಲಿ ಕಲಿಸಬೇಕು, ಮ್ಯಾಟ್ ಬರುವ ಮೊದಲು ಏನು, ಬಂದ ಮೇಲೆ ಏನು ಎಂಬುದನ್ನಷ್ಟೇ ಹೇಳುತ್ತೇನೆ.

ಬೆನ್ನು ಕೆಳಗಾಗಿ ಹಾರುವ ಶೈಲಿಯನ್ನು ಜಗತ್ತಿಗೆ ತೋರಿಸಿದವನು ಅಮೆರಿಕದ ಡಿಕ್ ಫಾಸ್ಬರಿ. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದ. ನಮ್ಮ ಕರಾವಳಿಯ ಸಹನಾ ಕುಮಾರಿ 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದು, ಅದೇ ವರ್ಷ ಲಂಡನ್ ಒಲಿಂಪಿಕ್ಸಿಗೆ ಹೋದದ್ದೂ ಈ ಶೈಲಿಯಲ್ಲೇ. ಆದರೆ ಮಕ್ಕಳಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಫಾಸ್ಬರಿ ಶಾಲಾದಿನಗಳಲ್ಲಿ ಹಾರುತ್ತಿದ್ದುದು ಹಳೆಯ ಕತ್ತರಿ ಜಿಗಿತ. ಒಂದು ಕಾಲು ಮೊದಲು, ಇನ್ನೊಂದು ಹಿಂದಿನಿಂದ, ಕತ್ತರಿಯ ಅಲಗಿನಂತೆ ಬಾರ್ ದಾಟಿ ಕಾಲ ಮೇಲೆ ಇಳಿಯುವ ಜಿಗಿತ. ಬೆನ್ನಿನ ಜಿಗಿತ ಅದರಿಂದಲೇ ಹಂತಹಂತವಾಗಿ ಹುಟ್ಟಿತು, ಬೀಳಲು ಮೆತ್ತನೆಯ ಹಾಸಿಗೆ ಸಿಕ್ಕ ಮೇಲೆ ಊರೂರಿಗೆ ಹರಡಿತು. ನಾನು ಕಲಿಸುವ ಕ್ರಮವೂ ಅದೇ: ಮೊದಲು ಬಾಗಿದ ಓಟ, ಆಮೇಲೆ ಆ ಓಟದಿಂದ ಕತ್ತರಿ ಜಿಗಿತ, ಬೆನ್ನು ಕೊನೆಗೆ. ಮೊದಲಿನ ಎರಡಕ್ಕೆ ಮ್ಯಾಟ್ ಬೇಕಿಲ್ಲ.

ಓಟ ಏಕೆ ಬಾಗಿರಬೇಕು? ಶಿರ್ವದ ಕಡೆ ಹೋಗುವ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಇದು ಗೊತ್ತು. ಬಸ್ಸು ಎಡಕ್ಕೆ ತಿರುಗಿದರೆ ನಾವು ಬಲಕ್ಕೆ ವಾಲುತ್ತೇವೆ. ಬೈಕಿನವನು ಹಾಗೆ ಬೀಳದಿರಲು ತಾನೇ ಎಡಕ್ಕೆ ವಾಲಿ ತಿರುಗುತ್ತಾನೆ. ಜಿಗಿಯುವ ಮಗುವೂ ಹಾಗೆಯೇ ತಿರುವಿನಲ್ಲಿ ಬಾರಿನಿಂದ ಆಚೆಗೆ, ವೃತ್ತದ ಒಳಕ್ಕೆ ವಾಲಿ ಓಡುತ್ತದೆ. ಕೊನೆಯ ಹೆಜ್ಜೆ ನೆಲಕ್ಕೆ ಊರಿದಾಗ ಆ ವಾಲಿದ ಮೈ ನೆಟ್ಟಗಾಗುತ್ತದೆ, ಅದೇ ವೇಗದಲ್ಲಿ ಬಾರಿನ ಕಡೆಗೆ ಸರಿಯುತ್ತದೆ. ಅಂದರೆ ಬಾರನ್ನು ದಾಟಲು ಬೇಕಾದ ವಾಲುವಿಕೆಯನ್ನು ತಿರುವೇ ಕೊಡುತ್ತದೆ. ಮಗು ಮಾಡಬೇಕಾದದ್ದು ನೇರ ಮೇಲಕ್ಕೆ ಹಾರುವುದು ಮಾತ್ರ. ತಿರುವಿಲ್ಲದೆ ಓಡಿದವನು ಬಾರಿನ ಮೇಲೆ ತಾನಾಗಿಯೇ ಹೆಗಲು ಹಾಕುತ್ತಾನೆ, ಎತ್ತರ ಅಲ್ಲೇ ಸೋರಿಹೋಗುತ್ತದೆ.

ಮೊದಲು ಯಾವ ಕಾಲಿನಿಂದ ನೆಗೆಯುವುದು ಎಂದು ಗೊತ್ತಾಗಬೇಕು. ಮಕ್ಕಳನ್ನು ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತಾರೆ. ಮರದ ಕೊಂಬೆಯಿಂದ ದಾರ ಇಳಿಬಿಟ್ಟು ಮಾವಿನ ಎಲೆ ಕಟ್ಟಿ, ನಾಲ್ಕು ಹೆಜ್ಜೆ ಓಡಿ ತಲೆಯಿಂದ ಮುಟ್ಟಲು ಹೇಳಿ. ಹತ್ತು ಸಲದಲ್ಲಿ ಎಂಟು ಸಲ ಯಾವ ಕಾಲು ಊರುತ್ತದೋ ಅದೇ ಅವನ ನೆಗೆತದ ಕಾಲು. ಎಡಗಾಲಾದರೆ ಬಾರಿಗೆ ಎದುರಾಗಿ ನಿಂತಾಗ ಬಲಗಡೆಯಿಂದ ಓಟ. ಬಲಗಾಲಾದರೆ ಎಡಗಡೆಯಿಂದ. ನೆಗೆಯುವ ಕಾಲು ಬಾರಿಗೆ ದೂರದ ಕಾಲು ಆಗಿರಬೇಕು. ಕತ್ತರಿಗೂ ಬೆನ್ನಿನ ಜಿಗಿತಕ್ಕೂ ಇದು ಒಂದೇ, ಅದಕ್ಕಾಗಿಯೇ ನಾನು ಕತ್ತರಿಯನ್ನು ಬಿಡಲಾರೆ. ಹೊಟ್ಟೆ ಕೆಳಗಾಗಿ ಹೊರಳುವ ಹಳೆಯ ಶೈಲಿ ಕಲಿತವರು ಬಾರಿಗೆ ಹತ್ತಿರದ ಕಾಲಿನಿಂದ ನೆಗೆಯುತ್ತಾರೆ. ಅಂಥವರಿಗೆ ಓಟದ ಬದಿಯನ್ನೇ ಬದಲಿಸಬೇಕಾಗುತ್ತದೆ.

ಇನ್ನು ಗೆರೆ ಎಳೆಯುವುದು. ಆರು ಮೀಟರ್ ಹಗ್ಗ, ಒಂದು ಗೂಟ, ಅಳತೆ ಟೇಪು ಸಾಕು. ಎಡಗಾಲಿನ ಮಗುವಿನ ಲೆಕ್ಕ ಹೇಳುತ್ತೇನೆ, ಬಲಗಾಲಿನವರಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಿ. ಬಲಗಡೆಯ ಕಂಬದಿಂದ ಸುಮಾರು ಒಂದು ಮೀಟರ್ ಒಳಗೆ, ಬಾರಿನಿಂದ ಮಗುವಿನ ಒಂದು ತೋಳಳತೆ ದೂರದಲ್ಲಿ ನೆಗೆತದ ಗುರುತು ಹಾಕಿ. ಅಲ್ಲಿಂದ ಬಾರಿಗೆ ಸಮಾನಾಂತರವಾಗಿ ಎಡಕ್ಕೆ 3.9 ಮೀಟರ್ ಹೋಗಿ, ಬಾರಿಗೆ ಬೆನ್ನು ಹಾಕಿ 4.6 ಮೀಟರ್ ನಡೆಯಿರಿ. ಅಲ್ಲಿ ಗೂಟ ನೆಡಿ. ಹಗ್ಗದ ತುದಿ ಸರಿಯಾಗಿ ನೆಗೆತದ ಗುರುತಿಗೆ ಬಂದು ಮುಟ್ಟುತ್ತದೆ. ಅಲ್ಲಿಂದ ಹಗ್ಗ ಬಿಗಿಯಾಗಿ ಹಿಡಿದು ಗೆರೆ ಎಳೆಯುತ್ತಾ ಹಿಂದಕ್ಕೆ ಬನ್ನಿ. ಹಗ್ಗ ಬಾರಿಗೆ ಸಮಾನಾಂತರವಾದ ಕೂಡಲೇ ನಿಲ್ಲಿ. ಅದೇ ತಿರುವು ಆರಂಭವಾಗುವ ಗುರುತು. ಈ ಬಾಗಿದ ಗೆರೆ ಸುಮಾರು ಐದು ಕಾಲು ಮೀಟರ್, ಹೈಸ್ಕೂಲು ಮಗುವಿನ ನಾಲ್ಕು ಹೆಜ್ಜೆ. ಅದರ ಹಿಂದೆ ನೇರ ಐದು, ಐದೂವರೆ ಮೀಟರ್, ಇನ್ನು ನಾಲ್ಕು ಹೆಜ್ಜೆ. ಒಟ್ಟು ಎಂಟು. ಎಡಗಾಲು ಗುರುತಿನ ಮೇಲಿಟ್ಟು ನಿಂತು ಬಲಗಾಲಿನಿಂದ ಹೊರಟರೆ ತಿರುವಿನ ಗುರುತಿನ ಮೇಲೂ ಎಡಗಾಲು, ನೆಗೆತದ ಗುರುತಿನ ಮೇಲೂ ಎಡಗಾಲು ಬೀಳಬೇಕು. ಬೀಳದಿದ್ದರೆ ಹೆಜ್ಜೆಯನ್ನು ಎಳೆದು ಹೊಂದಿಸಬೇಡಿ, ಹೊರಡುವ ಜಾಗವನ್ನು ಹಿಂದೆ ಮುಂದೆ ಮಾಡಿ.

ಇದನ್ನು ಕಲಿಸಲು ನನಗೆ ಸಿಕ್ಕ ಅತ್ಯುತ್ತಮ ಮೈದಾನ ನಮ್ಮ ಕಾಪು ಕಡಲತೀರ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ನೀರು ಇಳಿದ ಹೊತ್ತಿನಲ್ಲಿ, ದೀಪಸ್ತಂಭದ ಆಸುಪಾಸು ಗಟ್ಟಿಯಾದ ಒದ್ದೆ ಹೊಯ್ಗೆಯ ಮಟ್ಟಸವಾದ ಜಾಗ ಹುಡುಕುತ್ತಿದ್ದೆ. ಅಲ್ಲಿ ಬಾರ್ ಇಲ್ಲ, ಗೆರೆ ಮಾತ್ರ. ಬರಿಗಾಲಿನಲ್ಲಿ ಓಡಿ, ಗುರುತಿನಲ್ಲಿ ಮೇಲಕ್ಕೆ ನೆಗೆದು ಕಾಲ ಮೇಲೆ ಇಳಿಯುವುದು. ಕಣ್ಣಿಗೆ ಸಿಗದೆ ಹೋದದ್ದನ್ನು ಹೊಯ್ಗೆ ಬರೆದಿಡುತ್ತದೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಎಡಗಾಲಿನವಳು, 1.15 ಮೀಟರಿನಲ್ಲಿ ನಿಂತುಬಿಟ್ಟಿದ್ದಳು. ಪ್ರತಿ ಸಲವೂ ಏರುವಾಗಲೇ ಬಾರಿಗೆ ಮೊಣಕಾಲು ತಾಗುತ್ತಿತ್ತು. ಏರುವಾಗ ತಾಗಿದರೆ ಬಾರಿಗೆ ತೀರಾ ಹತ್ತಿರದಿಂದ ನೆಗೆದಿದ್ದಾರೆ ಎಂದರ್ಥ, ಇಳಿಯುವಾಗ ಬಾರಿನ ಮೇಲೆ ಕೂತರೆ ದೂರದಿಂದ. ಗುರುತನ್ನು ಒಂದು ಗೇಣು ಹಿಂದೆ ಸರಿಸಿದೆ, ಅವಳು ಅದನ್ನು ದಾಟಿ ಹಳೆಯ ಜಾಗದಲ್ಲೇ ಕಾಲೂರಿದಳು. ಕಡಲ ಬದಿಗೆ ಕರೆದುಕೊಂಡು ಹೋಗಿ ಓಡಿಸಿ ಅವಳಿಗೇ ಹೆಜ್ಜೆಗುರುತು ತೋರಿಸಿದೆ. ಐದನೆಯ, ಆರನೆಯ ಹೆಜ್ಜೆ ಗೆರೆಯ ಮೇಲಿದ್ದವು. ಏಳನೆಯದು ಗೆರೆ ಬಿಟ್ಟು ಬಾರಿನ ಕಡೆ ಹೋಗಿತ್ತು, ಎಂಟನೆಯದು ಇನ್ನೂ ಒಳಗೆ. ಬಾರನ್ನು ಕಂಡ ಕೂಡಲೇ ಅವಳು ತಿರುವು ಬಿಟ್ಟು ನೇರ ನುಗ್ಗುತ್ತಿದ್ದಳು. ಇನ್ನೊಂದು ಸಾಕ್ಷಿಯೂ ಇತ್ತು. ಎಡಕ್ಕೆ ವಾಲಿ ಓಡುವವರ ಎಡಪಾದದ ಹೊರ ಅಂಚು, ಬಲಪಾದದ ಒಳ ಅಂಚು ಹೊಯ್ಗೆಯಲ್ಲಿ ಆಳವಾಗಿ ಮೂಡಬೇಕು. ಅವಳ ಕೊನೆಯ ಎರಡು ಗುರುತುಗಳು ಚಪ್ಪಟೆಯಾಗಿದ್ದವು, ಅಂದರೆ ವಾಲುವಿಕೆ ಆಗಲೇ ಮುಗಿದಿತ್ತು.

ಎರಡು ವಾರ ಅವಳಿಗೆ ಬಾರ್ ಕೊಡಲಿಲ್ಲ. ಆರು ಮೀಟರ್ ಹಗ್ಗದಲ್ಲಿ ಪೂರ್ತಿ ವೃತ್ತ ಎಳೆದು ಅದರ ಮೇಲೆ ಓಡಿಸಿದೆ. ಸೊಂಟ ಬಾಗಿಸಿ ಅಲ್ಲ, ಹಿಮ್ಮಡಿಯಿಂದ ತಲೆಯವರೆಗೆ ಒಂದೇ ಕೋಲಿನಂತೆ ವಾಲಬೇಕು. ಆಮೇಲೆ ವೃತ್ತದ ಮೇಲೆ ಪ್ರತಿ ನಾಲ್ಕನೆಯ ಹೆಜ್ಜೆಗೆ ಒಂದು ನೆಗೆತ. ಕೊನೆಯ ಎರಡು ಹೆಜ್ಜೆಗಳನ್ನು ಚಪ್ಪಾಳೆಯಲ್ಲಿ ಹೇಳಿಕೊಟ್ಟೆ: ಏಳನೆಯದು ತುಸು ಉದ್ದ, ಎಂಟನೆಯದು ಚುರುಕು. ಮೊಣಕಾಲು ಮೇಲೆ, ಕಣ್ಣು ಬಾರಿನ ಆಚೆಯ ತುದಿಯ ಮೇಲೆ. ಮೂರನೆಯ ವಾರ ಬಾರಿಗೆ ಬಂದು ಕತ್ತರಿ ಜಿಗಿತದಲ್ಲೇ 1.25 ದಾಟಿದಳು.

ನೆಗೆಯುವ ಪಾದ ಎತ್ತ ನೋಡುತ್ತದೆ ಎಂಬುದನ್ನು ಹೊಯ್ಗೆಯಲ್ಲಿ ಕಡ್ಡಾಯವಾಗಿ ನೋಡಿ. ಬೆರಳುಗಳು ಓಟದ ದಿಕ್ಕಿಗೆ, ಹೊಂಡದ ಆಚೆಯ ಮೂಲೆಯ ಕಡೆ ಇರಬೇಕು. ಬಾರಿಗೆ ಸಮಾನಾಂತರವಾಗಿ ತಿರುಗಿದ್ದರೆ ಮೈ ಒಂದು ಕಡೆ, ಪಾದ ಇನ್ನೊಂದು ಕಡೆ. ಆ ತಿರುಚು ಬೀಳುವುದು ಹಿಮ್ಮಡಿ ಗಂಟಿನ ಮೇಲೆ. ಮಗು ಉಳುಕಿ ಅತ್ತ ಮೇಲೆ ಎಣ್ಣೆ ತಿಕ್ಕುವುದಕ್ಕಿಂತ ಮೊದಲೇ ಗುರುತು ನೋಡುವುದು ಸುಲಭ. ನಮ್ಮ ಮುರಕಲ್ಲಿನ ಮೈದಾನ ಒದ್ದೆಯಾದರೆ ತಿರುವಿನಲ್ಲಿ ಕಾಲು ಜಾರುತ್ತದೆ. ಕ್ರೀಡಾಕೂಟ ಹತ್ತಿರ ಬಂದಿದ್ದರೂ ಆ ದಿನ ಓಟ ಬೇಡ.

ಕತ್ತರಿ ಜಿಗಿತಕ್ಕೆ ಹೊಯ್ಗೆ ಹೊಂಡ ಸಾಕು, ಪ್ರತಿ ಸಲವೂ ಪಿಕಾಸಿಯಿಂದ ಅಗೆದು ಸಡಿಲ ಮಾಡಿರಬೇಕು, ಅಷ್ಟೆ. ಬಾರಿಗೆ ಹತ್ತಿರದ ಕಾಲು ಮೊದಲು ದಾಟುತ್ತದೆ, ಅದೇ ಮೊದಲು ಇಳಿಯುತ್ತದೆ. ಬೆನ್ನಿನ ಜಿಗಿತ ಮಾತ್ರ ಹೊಯ್ಗೆಯಲ್ಲಿ ಎಷ್ಟೇ ಅಗೆದರೂ ಬೇಡ, ಹಳೆಯ ಹಾಸಿಗೆ ಪೇರಿಸಿಟ್ಟರೂ ಬೇಡ. ಕುತ್ತಿಗೆಯ ಮೇಲೆ ಒಮ್ಮೆ ಬಿದ್ದರೆ ಸಾಕು. ಎರಡು ಹಾಸಿಗೆಗಳ ನಡುವಿನ ಸಂದು ಬರಿಯ ನೆಲದಷ್ಟೇ ಅಪಾಯ.

ಮ್ಯಾಟ್ ಬಂದ ಮೇಲೆ ಬಾರ್ ಇಡುವ ಮೊದಲು ಬೀಳುವುದನ್ನು ಕಲಿಸಿ. ಮೊದಲ ದಿನ ಮ್ಯಾಟಿನ ಅಂಚಿನಲ್ಲಿ ಕೂತು ಹಿಂದಕ್ಕೆ ಒರಗುವುದು: ಗದ್ದ ಎದೆಗೆ, ಕೈಗಳು ಅಗಲ, ಮೊದಲು ತಾಗುವುದು ಬೆನ್ನಿನ ಮೇಲ್ಭಾಗ. ಗದ್ದದಡಿ ಮಾವಿನ ಎಲೆ ಇಟ್ಟು ಬೀಳದಂತೆ ಹಿಡಿದುಕೊಳ್ಳಲು ಹೇಳಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಮೊಣಕಾಲುಗಳು ತುಸು ಅಗಲವಿರಲಿ, ಜೋಡಿಸಿದರೆ ತನ್ನ ಮೊಣಕಾಲು ತನ್ನ ಮೂಗಿಗೇ ಬಡಿಯುತ್ತದೆ. ಆಮೇಲೆ ನಿಂತು ಒರಗುವುದು. ಆಮೇಲೆ ಮ್ಯಾಟಿಗೆ ಬೆನ್ನು ಹಾಕಿ ಎರಡೂ ಕಾಲಿನಿಂದ ಮೇಲಕ್ಕೆ ಹಾರಿ ಬೀಳುವುದು, ಬಾರಿನ ಜಾಗದಲ್ಲಿ ಎಲಾಸ್ಟಿಕ್ ದಾರ. ಎರಡೂ ಕಾಲಿನ ನೆಗೆತ ಸ್ಪರ್ಧೆಯಲ್ಲಿ ನಡೆಯದು, ಒಂದೇ ಕಾಲಿನಿಂದ ನೆಗೆಯಬೇಕೆಂಬುದು ನಿಯಮ. ಇದು ಬೀಳುವ ಪಾಠ ಮಾತ್ರ. ಹತ್ತಕ್ಕೆ ಹತ್ತು ಸಲ ಬೆನ್ನ ಮೇಲೆ ಬೀಳುವವನಿಗೆ ತಿರುವಿನ ನಾಲ್ಕು ಹೆಜ್ಜೆ ಕೊಡಿ, ಆಮೇಲೆ ಎಂಟು. ಒಂದು ಸಲ ಕುತ್ತಿಗೆಯ ಮೇಲೆ ಬಿದ್ದರೂ ಒಂದು ಮೆಟ್ಟಿಲು ಕೆಳಗೆ.

ಕೊನೆಗೆ ಹಣ ಹಾಕುವವರಿಗೆ ಎರಡು ಮಾತು. ಮ್ಯಾಟ್ ಕನಿಷ್ಠ ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ ಇರಲಿ. ದೊಡ್ಡ ಸ್ಪರ್ಧೆಗಳಲ್ಲಿ ಅದು ಆರು ಮೀಟರ್, ನಾಲ್ಕು ಮೀಟರ್, ದಪ್ಪ 70 ಸೆಂಟಿಮೀಟರ್. ತುಂಡುಗಳನ್ನು ಬೆಲ್ಟಿನಿಂದ ಬಿಗಿದು, ಮೇಲೆ ಒಂದೇ ಹೊದಿಕೆ ಹಾಕಬೇಕು. ಮ್ಯಾಟ್ ಕುಲುಕಿ ಬಾರ್ ಬೀಳದಂತೆ ಕಂಬಕ್ಕೂ ಅದಕ್ಕೂ ಹತ್ತು ಸೆಂಟಿಮೀಟರ್ ಅಂತರ ಬೇಕು. ಆದರೆ ಮ್ಯಾಟಿಗಿಂತ ಮೊದಲು ಕೋಣೆ ನೋಡಿ. ನಮ್ಮ ಮಳೆಗೆ ಫೋಮ್ ನೀರು ಕುಡಿದರೆ ಒಣಗುವುದು ಕಷ್ಟ, ಒಳಗಿನಿಂದ ಪುಡಿಯಾಗುತ್ತದೆ, ಮೇಲಿನ ಬಟ್ಟೆ ಮಾತ್ರ ಹೊಸದಾಗಿ ಕಾಣುತ್ತದೆ. ಜೂನ್ ಬರುವ ಮೊದಲು ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ಇಲಿ ನುಗ್ಗದ ಕೋಣೆಯಲ್ಲಿ ಇಡಬೇಕು. ಪ್ರತಿ ವರ್ಷ ತೆಗೆದಾಗ ದೊಡ್ಡವರೊಬ್ಬರು ಮೊಣಕಾಲೂರಿ ಒತ್ತಿ ನೋಡಿ. ಮೊಣಕಾಲಿಗೆ ನೆಲ ಸಿಕ್ಕಿದರೆ ಆ ತುಂಡು ಬೆನ್ನಿನ ಜಿಗಿತಕ್ಕೆ ಆಗದು. ಕತ್ತರಿ ಹಾರುವ ಎಂಟನೆಯ ತರಗತಿಯವರಿಗೆ ಕೊಡಿ.