ಸೆಲ್ಫಿಯಲ್ಲಿ ಮೂಗು ಏಕೆ ದೊಡ್ಡದು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಫೋಟೋ ಸ್ಟುಡಿಯೋ ನಡೆಸುವವನು. ಈಚೆಗೆ ನಮ್ಮ ಅಂಗಡಿಗೆ ಬರುವವರಲ್ಲಿ ಅನೇಕರು ಒಂದೇ ಮಾತು ಕೇಳುತ್ತಾರೆ: "ಸಾರ್, ಮೂಗು ಸ್ವಲ್ಪ ಸಣ್ಣ ಮಾಡಿಕೊಡಿ." ಕೈಯಲ್ಲಿ ಮೊಬೈಲ್, ಅದರಲ್ಲಿ ತಾವೇ ತೆಗೆದುಕೊಂಡ ಸೆಲ್ಫಿ. ಅವರ ಎದುರು ಕೂತು ನೋಡುವ ನನಗೆ ಮೂಗಿನಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹಾಗಾದರೆ ದೋಷ ಎಲ್ಲಿದೆ? ಬಹಳ ಜನ ಮೊಬೈಲಿನ ವೈಡ್ ಆಂಗಲ್ ಲೆನ್ಸ್ ಅನ್ನು ಬೈಯುತ್ತಾರೆ. ನಿಜವಾದ ಕಾರಣ ಲೆನ್ಸ್ ಅಲ್ಲ, ದೂರ. ಇದನ್ನು ತಿಳಿಯಲು ಹತ್ತನೆಯ ತರಗತಿಯ ಸಮರೂಪ ತ್ರಿಭುಜದ ಪಾಠವೇ ಸಾಕು.

ಕ್ಯಾಮೆರಾದಿಂದ ವಸ್ತು ಎರಡು ಪಟ್ಟು ದೂರ ಹೋದರೆ ಚಿತ್ರದಲ್ಲಿ ಅದರ ಅಳತೆ ಅರ್ಧವಾಗುತ್ತದೆ. ಈಗ ಮುಖವನ್ನು ನೆನಪಿಸಿಕೊಳ್ಳಿ. ಅದು ಗೋಡೆಗೆ ಅಂಟಿಸಿದ ಹಾಳೆಯಲ್ಲ, ಅದಕ್ಕೆ ಆಳವಿದೆ. ಮೂಗಿನ ತುದಿ ಮುಂದಿದೆ, ಕಿವಿ ಸುಮಾರು 12 ಸೆಂಟಿಮೀಟರ್ ಹಿಂದಿದೆ. ಮೊಣಕೈ ಮಡಚಿ ಮೊಬೈಲನ್ನು ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದಿದ್ದೀರಿ ಎನ್ನೋಣ. ಮೂಗಿಗೆ ದೂರ 30, ಕಿವಿಗೆ 42. ನಲವತ್ತೆರಡನ್ನು ಮೂವತ್ತರಿಂದ ಭಾಗಿಸಿ: 1.4. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇಕಡಾ 40ರಷ್ಟು ಹಿಗ್ಗಿ ಬೀಳುತ್ತದೆ. ಅದೇ ಮೊಬೈಲನ್ನು ಒಂದೂವರೆ ಮೀಟರ್ ದೂರ ಇಡಿ. ಈಗ ಮೂಗಿಗೆ 150, ಕಿವಿಗೆ 162. ಭಾಗಿಸಿದರೆ 1.08, ವ್ಯತ್ಯಾಸ ಶೇಕಡಾ ಎಂಟು ಮಾತ್ರ. ಮುಖ ಅದೇ, ಮೂಗೂ ಅದೇ. ಬದಲಾದದ್ದು ನಿಂತ ಜಾಗ.

2018ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವೈದ್ಯ ಬೋರಿಸ್ ಪಾಸ್ಕೋವರ್ ಮತ್ತು ಸಂಗಡಿಗರು ಇದೇ ಲೆಕ್ಕವನ್ನು ಸರಾಸರಿ ಮುಖದ ಅಳತೆಗಳ ಮೇಲೆ ಮಾಡಿ ಪ್ರಕಟಿಸಿದರು. ಸೆಲ್ಫಿ ನೋಡಿ ಮೂಗಿನ ಶಸ್ತ್ರಚಿಕಿತ್ಸೆ ಕೇಳಿಕೊಂಡು ಬರುವವರಿಗೆ ವಿಷಯ ತಿಳಿಸುವುದು ಅವರ ಉದ್ದೇಶ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ, ಮುಖದ ಅಗಲಕ್ಕೆ ಹೋಲಿಸಿದರೆ ಮೂಗಿನ ಅಗಲ ಸುಮಾರು ಶೇಕಡಾ 30ರಷ್ಟು ಹೆಚ್ಚಾಗಿ ತೋರುತ್ತದೆ, ಐದು ಅಡಿಯಿಂದ ತೆಗೆದರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ ಎಂದು ಅವರು ತೋರಿಸಿದರು. ನಮ್ಮ ಲೆಕ್ಕದಲ್ಲಿ 40 ಬಂತು, ಅವರದು 30. ಏಕೆಂದರೆ ನಾವು ಕಿವಿಗೆ ಹೋಲಿಸಿದೆವು, ಅವರು ಕೆನ್ನೆಮೂಳೆಗೆ. ಕೆನ್ನೆಮೂಳೆ ಕಿವಿಯಷ್ಟು ಹಿಂದಿಲ್ಲ.

ಹಾಗಾದರೆ ಲೆನ್ಸಿನ ಪಾತ್ರ ಏನೂ ಇಲ್ಲವೇ? ಇದೆ, ಆದರೆ ಬಳಸುದಾರಿಯಲ್ಲಿ. ವೈಡ್ ಲೆನ್ಸ್ ಎದುರಿನ ಬಹಳಷ್ಟು ಜಾಗವನ್ನು ಒಮ್ಮೆಗೇ ಹಿಡಿಯುತ್ತದೆ. ದೂರ ನಿಂತರೆ ಮುಖ ಚಿಕ್ಕದಾಗಿ ಕಾಣುತ್ತದೆ, ಪರದೆ ತುಂಬಲಿ ಎಂದು ನಾವೇ ಹತ್ತಿರ ಹೋಗುತ್ತೇವೆ. ಲೆನ್ಸ್ ನಮ್ಮನ್ನು ಹತ್ತಿರ ಕರೆಯುತ್ತದೆ, ಮೂಗು ಹಿಗ್ಗಿಸುವುದು ಆ ಹತ್ತಿರ. ಪರೀಕ್ಷೆ ಮಾಡಿ ನೋಡಿ. ಗೆಳೆಯನನ್ನು ಎರಡು ಮೀಟರ್ ದೂರದಲ್ಲಿ ಫ್ರೇಮಿನ ನಡುವೆ ನಿಲ್ಲಿಸಿ, ಒಂದು ಫೋಟೋ ಝೂಮ್ ಇಲ್ಲದೆ, ಇನ್ನೊಂದು ಝೂಮ್ ಮಾಡಿ ತೆಗೆಯಿರಿ. ಮೊದಲನೆಯದರಲ್ಲಿ ಮುಖವನ್ನಷ್ಟೇ ಕತ್ತರಿಸಿ ಎರಡನೆಯದರ ಪಕ್ಕ ಇಡಿ. ಸ್ಪಷ್ಟತೆಯಲ್ಲಿ ವ್ಯತ್ಯಾಸ ಇರಬಹುದು, ಮುಖದ ಆಕಾರ ಒಂದೇ ಇರುತ್ತದೆ.

ಕನ್ನಡಿಯಲ್ಲಿ ನಾವು ಹೀಗೆ ಕಾಣುವುದಿಲ್ಲವಲ್ಲ ಎಂದು ಕೇಳಬಹುದು. ಸಮತಲ ದರ್ಪಣದ ಪಾಠ ನೆನಪಿದೆಯಲ್ಲವೇ? ಕನ್ನಡಿಯ ಮುಂದೆ ನಾವು ಎಷ್ಟು ದೂರ ನಿಂತಿದ್ದೇವೆಯೋ ಬಿಂಬ ಅಷ್ಟೇ ದೂರ ಹಿಂದಿರುತ್ತದೆ. 40 ಸೆಂ.ಮೀ. ದೂರ ನಿಂತು ತಲೆ ಬಾಚಿಕೊಳ್ಳುವಾಗ ನೀವು ನೋಡುತ್ತಿರುವ ಮುಖ ನಿಮ್ಮ ಕಣ್ಣಿನಿಂದ 80 ಸೆಂ.ಮೀ. ದೂರದ್ದು. ನಮ್ಮೊಡನೆ ಮಾತನಾಡುವವರೂ ಸಾಮಾನ್ಯವಾಗಿ ಒಂದು ಮೀಟರ್ ಆಚೀಚೆ ಇರುತ್ತಾರೆ. 30 ಸೆಂ.ಮೀ. ಸೆಲ್ಫಿ ತೋರಿಸುವುದು ಕನ್ನಡಿಯಲ್ಲಿ ನಮಗೂ, ಮಾತುಕತೆಯಲ್ಲಿ ಇತರರಿಗೂ ಕಾಣದ ಮುಖ.

ಡಿಗ್ರಿ ಮುಗಿಸಿದ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಿದ್ದಳು. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಸೆಲ್ಫಿ ಕೊಟ್ಟು, ಮೂಗು ತಿದ್ದಿ ಪ್ರಿಂಟ್ ಹಾಕಿ ಎಂದಳು. ನಾನು ತಿದ್ದಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಅವಳದೇ ಮೊಬೈಲಿನಲ್ಲಿ ಎರಡು ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ ಒಂದು ಫೋಟೋ ತೆಗೆದು, ಮುಖದಷ್ಟಕ್ಕೆ ಕತ್ತರಿಸಿ, ಎರಡನ್ನೂ ಪಕ್ಕಪಕ್ಕ ತೋರಿಸಿದೆ. ತಾಯಿ ಮೊದಲು ಹೇಳಿದ್ದು ಮೂಗಿನ ಮಾತಲ್ಲ. "ಇದರಲ್ಲಿ ಓಲೆ ಕಾಣ್ತಾ ಇದೆ ನೋಡೇ" ಎಂದರು. ಅವರು ಹಿಡಿದದ್ದೇ ಸರಿಯಾದ ಗುರುತು. ಕ್ಯಾಮೆರಾ ತೀರ ಹತ್ತಿರ ಬಂದರೆ ಕೆನ್ನೆ ಅಡ್ಡವಾಗಿ ಕಿವಿ ಮರೆಯಾಗುತ್ತದೆ. ನೇರವಾಗಿ ನೋಡುತ್ತಿರುವ ಮುಖದಲ್ಲಿ, ಕೂದಲು ಮುಚ್ಚದಿದ್ದರೂ ಕಿವಿ ಸರಿಯಾಗಿ ಕಾಣದಿದ್ದರೆ, ಫೋಟೋ ಬಹಳ ಹತ್ತಿರದಿಂದ ತೆಗೆದದ್ದು ಎಂದು ತಿಳಿಯಿರಿ. ಆ ಫೋಟೋ ನೋಡಿ ಮೂಗಿನ ಬಗ್ಗೆ ತೀರ್ಮಾನ ಮಾಡಬೇಡಿ.

ದೂರ ಹೆಚ್ಚಿದಷ್ಟೂ ಒಳ್ಳೆಯದೇ ಎಂದಲ್ಲ. ಐದಾರು ಮೀಟರ್ ಆಚೆಯಿಂದ ಝೂಮ್ ಮಾಡಿ ತೆಗೆದರೆ ಮೂಗಿನ ಎತ್ತರ, ಕೆನ್ನೆಯ ಇಳಿಜಾರು ಎಲ್ಲ ತಗ್ಗಿ ಮುಖ ಸ್ವಲ್ಪ ಚಪ್ಪಟೆಯಾಗಿ, ಅಗಲವಾಗಿ ಕಾಣಬಹುದು. ಅದಕ್ಕೇ ನಾವು ಮುಖದ ಫೋಟೋಗೆ ಒಂದೂವರೆಯಿಂದ ಎರಡೂವರೆ ಮೀಟರ್ ಇಟ್ಟುಕೊಳ್ಳುತ್ತೇವೆ. ಒಬ್ಬರೇ ಇದ್ದರೆ ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿ, ಹತ್ತು ಸೆಕೆಂಡಿನ ಟೈಮರ್ ಹಾಕಿ ಹಿಂದೆ ಸರಿಯಿರಿ. ಮುಖ ಚಿಕ್ಕದಾಯಿತೆಂದರೆ ಆಮೇಲೆ ಕತ್ತರಿಸಿಕೊಳ್ಳಿ.

ಮಕ್ಕಳು ನನ್ನ ಮಾತನ್ನು ನಂಬಬೇಕಾಗಿಲ್ಲ. ಎರಡು ಒಂದೇ ಬಗೆಯ ಬೆಂಕಿಪೊಟ್ಟಣ ತನ್ನಿ. ಮೇಜಿನ ಮೇಲೆ ಒಂದನ್ನು ಮುಂದೆ, ಇನ್ನೊಂದನ್ನು 12 ಸೆಂ.ಮೀ. ಹಿಂದೆ, ತುಸು ಪಕ್ಕಕ್ಕೆ ನಿಲ್ಲಿಸಿ. ಮುಂದಿನದರಿಂದ 30 ಸೆಂ.ಮೀ. ದೂರದಲ್ಲಿ ಒಂದು ಫೋಟೋ, 150 ಸೆಂ.ಮೀ. ದೂರದಲ್ಲಿ ಇನ್ನೊಂದು ತೆಗೆಯಿರಿ. ಎರಡರಲ್ಲೂ ಪೊಟ್ಟಣಗಳ ಎತ್ತರವನ್ನು ಸ್ಕೇಲಿನಿಂದ ಅಳೆದು ಭಾಗಿಸಿ. 1.4 ಮತ್ತು 1.08ರ ಹತ್ತಿರದ ಸಂಖ್ಯೆಗಳು ಸಿಗುತ್ತವೆ.

ಕೊನೆಯದಾಗಿ, ಸಭೆ ಮುಗಿದ ಮೇಲೆ ಗ್ರೂಪ್ ಫೋಟೋ ಇದೆಯಂತೆ. ಅಲ್ಲಿ ಬರುವ ತೊಂದರೆ ಬೇರೆ ಜಾತಿಯದು, ಅದು ನಿಜಕ್ಕೂ ವೈಡ್ ಲೆನ್ಸಿನದೇ. ಟಾರ್ಚನ್ನು ಗೋಡೆಗೆ ನೇರವಾಗಿ ಬಿಟ್ಟರೆ ಬೆಳಕು ದುಂಡಗೆ ಬೀಳುತ್ತದೆ, ಓರೆಯಾಗಿ ಬಿಟ್ಟರೆ ಮೊಟ್ಟೆಯಂತೆ ಉದ್ದವಾಗುತ್ತದೆ. ಹಾಗೆಯೇ ಸಾಲಿನ ತುದಿಯಲ್ಲಿ ನಿಂತವರ ಮುಖದ ಬೆಳಕು ಕ್ಯಾಮೆರಾದೊಳಗೆ ಓರೆಯಾಗಿ ಬಿದ್ದು, ತಲೆ ಅಡ್ಡಕ್ಕೆ ಎಳೆದಂತಾಗುತ್ತದೆ. ಕೆಲವು ಮೊಬೈಲುಗಳು ಇದನ್ನು ತಾವೇ ಸ್ವಲ್ಪ ಸರಿಪಡಿಸುತ್ತವೆ, ಪೂರ್ತಿಯಾಗಿ ಅಲ್ಲ. ಆದ್ದರಿಂದ ಫೋಟೋ ತೆಗೆಯುವವರು ಎಲ್ಲರೂ ಹಿಡಿಸಲಿಲ್ಲವೆಂದು 0.5x ಒತ್ತಬೇಡಿ. ನಮ್ಮ ಶಾಲೆಯ ಮೈದಾನ ದೊಡ್ಡದಾಗಿದೆ, ಹತ್ತು ಹೆಜ್ಜೆ ಹಿಂದೆ ಹೋಗಿ 1x ಇಟ್ಟುಕೊಳ್ಳಿ. ಸಾಲಿನ ಎರಡೂ ತುದಿಯಲ್ಲಿ ತುಸು ಜಾಗ ಖಾಲಿ ಬಿಡಿ. ಆಗ ತುದಿಯಲ್ಲಿ ನಿಂತವರ ಮುಖವೂ ನಡುವೆ ಕುಳಿತ ಗುರುಗಳ ಮುಖದಷ್ಟೇ ಸರಿಯಾಗಿ ಬರುತ್ತದೆ.