ಹೊಳೆಗದ್ದೆ ಟೋಲ್ ದಾಟುವ ಅಡಿಕೆ ಲಾರಿಯ ಲೆಕ್ಕ



ಅರ್ಥಶಾಸ್ತ್ರದ ಉಪನ್ಯಾಸ ಎಂದ ಕೂಡಲೇ ಹಿಂದಿನ ಸಾಲಿನ ಕುರ್ಚಿಗಳು ಮೊದಲು ತುಂಬುತ್ತವೆ, ಎದ್ದು ಹೋಗಲು ಅನುಕೂಲ ಅಂತ. ಆದ್ದರಿಂದ ಸಿದ್ಧಾಂತ ಆಮೇಲೆ, ಮೊದಲು ಲಾರಿ. ಕುಮಟೆಯ ಮಂಡಿಯಿಂದ ಒಂದು ಅಡಿಕೆ ಲಾರಿ ಹೊರಟಿದೆ ಎಂದುಕೊಳ್ಳಿ. ಒಳಗೆ ಹತ್ತು ಟನ್ ಚಾಲಿ, ಅಂದರೆ ನೂರು ಕ್ವಿಂಟಲ್. ಲೆಕ್ಕ ಸುಲಭವಾಗಲಿ ಎಂದು ಕಿಲೋಗೆ 400 ರೂಪಾಯಿ ಹಿಡಿಯೋಣ. ಮಾಲಿನ ಬೆಲೆ 40 ಲಕ್ಷ. ಒಣ ಅಡಿಕೆಗೆ ಜಿಎಸ್‌ಟಿ ಶೇಕಡ 5, ಅಂದರೆ 2 ಲಕ್ಷ. ಬೆಳೆದವರು ತಮ್ಮ ತೋಟದ ಅಡಿಕೆ ಮಾರಿದರೆ ಈ ತೆರಿಗೆ ಇಲ್ಲ. ಅದು ಶುರುವಾಗುವುದು ಕೊಂಡು ಮಾರುವ ವ್ಯಾಪಾರಿಯಿಂದ. ಲಾರಿ ಹೊಳೆಗದ್ದೆ ಟೋಲ್ ದಾಟಿ, ಹೊನ್ನಾವರದಲ್ಲಿ ಶರಾವತಿ ಸೇತುವೆ ಹಾದು, ಭಟ್ಕಳ ಬಿಟ್ಟು, ಶಿರೂರು ಟೋಲಿನತ್ತ ಹೋಗುತ್ತಿದೆ. ಈ ವ್ಯಾಪಾರಿಗೆ ಎರಡು ದಾರಿ: ಬಿಲ್ ಹಾಕಿ ಕಳಿಸುವುದು, ಇಲ್ಲವೇ 'ಎರಡನೇ ನಂಬರಿನಲ್ಲಿ' ಕಳಿಸುವುದು. ಅವನಿಗೆ ಪಾಪಪುಣ್ಯದ ಚಿಂತೆ ಇಲ್ಲ, ಲಾಭನಷ್ಟದ ಚಿಂತೆ ಮಾತ್ರ ಎಂದುಕೊಳ್ಳಿ. ಯಾವುದನ್ನು ಆರಿಸುತ್ತಾನೆ?

ಈ ಪ್ರಶ್ನೆಯನ್ನು ಅರ್ಥಶಾಸ್ತ್ರದೊಳಕ್ಕೆ ತಂದವರು ಅಮೆರಿಕದ ಗ್ಯಾರಿ ಬೆಕರ್. ವಿದ್ಯಾರ್ಥಿಯೊಬ್ಬನ ಪರೀಕ್ಷೆಗೆ ತಡವಾಗಿ ಹೊರಟಿದ್ದ ಅವರು, ಕಾರನ್ನು ದೂರದಲ್ಲಿ ದುಡ್ಡು ಕೊಟ್ಟು ನಿಲ್ಲಿಸಲೋ, ಹತ್ತಿರದಲ್ಲಿ ನಿಷೇಧವಿರುವ ಕಡೆ ನಿಲ್ಲಿಸಲೋ ಎಂದು ಲೆಕ್ಕ ಹಾಕಿದರಂತೆ. ಸಿಕ್ಕಿಬೀಳುವ ಸಂಭವ ಎಷ್ಟು, ದಂಡ ಎಷ್ಟು? ಆ ಲೆಕ್ಕವೇ 1968ರಲ್ಲಿ ಅಪರಾಧ ಮತ್ತು ಶಿಕ್ಷೆಯ ಮೇಲಿನ ಪ್ರಬಂಧವಾಯಿತು. 1972ರಲ್ಲಿ ಮೈಕಲ್ ಆಲಿಂಗ್‌ಹ್ಯಾಮ್ ಮತ್ತು ಆಗ್ನಾರ್ ಸಾಂಡ್ಮೊ ಅದನ್ನು ತೆರಿಗೆಗೆ ಹೊಂದಿಸಿದರು.

ಅವರ ಕಣ್ಣಿನಿಂದ ನಮ್ಮ ಲಾರಿ ನೋಡೋಣ. ದಾಖಲೆ ಇಲ್ಲದೆ ಸಾಗುವ ಮಾಲನ್ನು ತಡೆದು ನಿಲ್ಲಿಸುವ ಅಧಿಕಾರ ಜಿಎಸ್‌ಟಿ ಕಾಯ್ದೆಯ 129ನೇ ಕಲಮಿನಲ್ಲಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ರೂಪದಲ್ಲಿ, ಮಾಲಿನ ಯಜಮಾನ ಮುಂದೆ ಬಂದರೆ ದಂಡ ತೆರಿಗೆಯ ಎರಡರಷ್ಟು. ನಮ್ಮ ಲಾರಿಗೆ ಅದು 4 ಲಕ್ಷ. ಬಿಲ್ ಹಾಕಿದರೆ 2 ಲಕ್ಷ ಖಂಡಿತ ಹೋಗುತ್ತದೆ. ಹಾಕದಿದ್ದರೆ, ಸಿಕ್ಕಾಗ ಮಾತ್ರ 4 ಲಕ್ಷ ಹೋಗುತ್ತದೆ. ಎರಡು ಲಾರಿಗೆ ಒಂದು ಸಿಕ್ಕಿದರೆ ಲೆಕ್ಕ ಸಮ. ಅದಕ್ಕಿಂತ ಕಡಿಮೆ ಸಿಕ್ಕುವುದಾದರೆ ಕದ್ದು ಕಳಿಸುವವನೇ ಜಾಣ.

ಈಗ ನೀವೇ ಹೇಳಿ, ಹೆದ್ದಾರಿಯಲ್ಲಿ ಪ್ರತಿ ಎರಡನೇ ಲಾರಿಯನ್ನು ನಿಲ್ಲಿಸಿ ಟಾರ್ಪಾಲು ಬಿಚ್ಚಿಸಲು ಆಗುತ್ತದೆಯೇ? 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹಳೆಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳೂ ಎದ್ದುಹೋದವು. ಈಗ ಇರುವುದು ತಿರುಗಾಡುವ ಜಾರಿ ದಳ. ಹತ್ತರಲ್ಲಿ ಒಂದು ಲಾರಿ ಹಿಡಿದರೂ ಅದು ದೊಡ್ಡ ಸಾಧನೆಯೇ. ಹಾಗಿದ್ದರೂ ಮಂಡಿಯ ಹೆಚ್ಚಿನವರು ಬಿಲ್ ಹಾಕಿಯೇ ಕಳಿಸುತ್ತಾರೆ. ಸಿದ್ಧಾಂತದ ಲೆಕ್ಕಕ್ಕೂ ಕಣ್ಣೆದುರಿಗಿರುವುದಕ್ಕೂ ಇಷ್ಟು ಅಂತರ ಏಕೆ?

ಮೊದಲು ದಂಡದ ಅಳತೆಗೋಲನ್ನೇ ನೋಡಬೇಕು. ತೆರಿಗೆ ಶೇಕಡ 5 ಇದ್ದದ್ದು 18 ಆಯಿತು ಎನ್ನಿ. ಕದಿಯುವ ಆಸೆ ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ದಂಡ ತೆರಿಗೆಯ ಎರಡರಷ್ಟು ಎಂದಾದರೆ ತೆರಿಗೆಯ ಜೊತೆಗೆ ದಂಡವೂ ಅಷ್ಟೇ ಪಟ್ಟು ಏರುತ್ತದೆ, ಸಮದ ಬಿಂದು ಎರಡಕ್ಕೊಂದು ಲಾರಿಯಲ್ಲೇ ನಿಲ್ಲುತ್ತದೆ. ಆಲಿಂಗ್‌ಹ್ಯಾಮ್ ಮತ್ತು ಸಾಂಡ್ಮೊ ದಂಡವನ್ನು ಬಚ್ಚಿಟ್ಟ ಆದಾಯದ ಮೇಲೆ ಹಾಕಿದ್ದರು. ದಂಡ ಬಚ್ಚಿಟ್ಟ ತೆರಿಗೆಯ ಮೇಲಾದರೆ ದರ ಏರಿದ ಮಾತ್ರಕ್ಕೆ ಕಳ್ಳತನದ ಆಕರ್ಷಣೆ ಏರುವುದಿಲ್ಲ ಎಂದು 1974ರಲ್ಲಿ ಶ್ಲೋಮೊ ಯಿಟ್ಜಾಕಿ ತೋರಿಸಿದರು. ಅಂದರೆ 'ತೆರಿಗೆ ಜಾಸ್ತಿ, ಅದಕ್ಕೇ ಕದಿಯುತ್ತಾರೆ' ಎಂಬ ನಮ್ಮ ಚಹಾದಂಗಡಿ ಸಿದ್ಧಾಂತಕ್ಕೆ ಲೆಕ್ಕದ ಬೆಂಬಲ ನಾವಂದುಕೊಂಡಷ್ಟು ಇಲ್ಲ.

ಇದೇ 129ನೇ ಕಲಮಿನಲ್ಲಿ ಇನ್ನೊಂದು ಬಾಗಿಲಿದೆ. ಯಜಮಾನ ಮುಂದೆ ಬಾರದಿದ್ದರೆ ದಂಡ ಮಾಲಿನ ಬೆಲೆಯ ಅರ್ಧ ಅಥವಾ ತೆರಿಗೆಯ ಎರಡರಷ್ಟು, ಯಾವುದು ಹೆಚ್ಚೋ ಅದು. ನಮ್ಮ ಲಾರಿಗೆ ಬೆಲೆಯ ಅರ್ಧ ಎಂದರೆ 20 ಲಕ್ಷ, ತೆರಿಗೆಯ ಹತ್ತು ಪಟ್ಟು. ಸಮದ ಬಿಂದು ಎರಡಕ್ಕೊಂದರಿಂದ ಹತ್ತಕ್ಕೊಂದಕ್ಕೆ ಇಳಿಯಿತು. ಹಿಂದೆ ಶೇಕಡ 28 ತೆರಿಗೆಯಿದ್ದ ಮಾಲಿಗೆ ಈ ನಿಯಮದಿಂದ ಏನೂ ವ್ಯತ್ಯಾಸವಿರಲಿಲ್ಲ, ಅಲ್ಲಿ ಎರಡರಷ್ಟು ತೆರಿಗೆಯೇ ಬೆಲೆಯ ಶೇಕಡ 56 ಆಗುತ್ತಿತ್ತು. ಇದು ಕಚ್ಚುವುದು ಅಡಿಕೆಯಂಥ ಕಡಿಮೆ ತೆರಿಗೆಯ, ಹೆಚ್ಚು ಬೆಲೆಯ ಮಾಲನ್ನು. ಬರೆದವರ ಉದ್ದೇಶ ನನಗೆ ಕಾಣುವಂತೆ ದಂಡ ವಸೂಲಿಯಲ್ಲ. 'ಈ ಅಡಿಕೆ ನನ್ನದು' ಎಂದು ಒಬ್ಬ ಹೆಸರು ಹೇಳಿಕೊಂಡು ಬರಲಿ ಎಂಬುದು. ಹೆಸರು ಹೇಳಿದರೆ 4 ಲಕ್ಷ, ಅಡಗಿ ಕುಳಿತರೆ 20 ಲಕ್ಷ.

(ಹೊನ್ನಾವರದವರಿಗೆ ಈ ಭಾರೀ ದಂಡದ ತಂತ್ರ ಹೊಸದಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಕಾರ್ಟಾಜ್ ಎಂಬ ರಹದಾರಿ ಇಲ್ಲದ ಹಡಗು ಅರಬ್ಬಿ ಸಮುದ್ರದಲ್ಲಿ ಸಿಕ್ಕಿದರೆ ಸರಕೆಲ್ಲ ಜಪ್ತಿಯಾಗುತ್ತಿತ್ತು. ಅಷ್ಟು ದೊಡ್ಡ ಕಡಲನ್ನು ಕಾಯುವಷ್ಟು ಹಡಗು ಅವರಲ್ಲಿರಲಿಲ್ಲ. ಆ ಕೊರತೆಯನ್ನು ದಂಡದ ಗಾತ್ರದಿಂದ ತುಂಬಿದರು.)

ಹೆಸರು ಹೇಳಿಕೊಂಡು ಬಂದವನಿಗೆ 4 ಲಕ್ಷಕ್ಕೇ ಮುಗಿಯುತ್ತದೆಯೇ? ಇಲ್ಲ, ನಿಜವಾದ ಭಯ ಅಲ್ಲಿಂದ ಶುರುವಾಗುತ್ತದೆ. ಹೆಸರು ಗೊತ್ತಾದರೆ ಮಂಡಿಯ ಹಿಂದಿನ ಪುಸ್ತಕಗಳನ್ನೂ ತೆರೆಸಬಹುದು. ಬೇಕೆಂದೇ ಮುಚ್ಚಿಟ್ಟದ್ದು ಸಾಬೀತಾದರೆ ಹಳೆಯ ತೆರಿಗೆ, ಅದರ ಮೇಲೆ ಬಡ್ಡಿ, ಅಷ್ಟೇ ಮೊತ್ತದ ದಂಡ. ಒಬ್ಬ ವ್ಯಾಪಾರಿ ಹೀಗೆ ಇಪ್ಪತ್ತು ಲಾರಿ ಕಳಿಸಿದ ಎನ್ನಿ. ಇಪ್ಪತ್ತರಲ್ಲಿ ಒಂದೇ ಸಿಕ್ಕುವ ಸಂಭವ ಇದೆ ಎಂದು ಹಿಡಿಯೋಣ. ಒಂದೊಂದು ಲಾರಿಯನ್ನು ಬೇರೆ ಬೇರೆಯಾಗಿ ನೋಡಿದರೆ ಅವನು ಗೆದ್ದಂತೆ. ಆದರೆ ಇಪ್ಪತ್ತು ಸಲ ಕಳಿಸಿದರೆ ಒಮ್ಮೆಯಾದರೂ ಸಿಕ್ಕಿಬೀಳುವ ಸಂಭವ ಶೇಕಡ 64. ಸಿಕ್ಕಿದ ಆ ಒಂದು ಲಾರಿ ಇಪ್ಪತ್ತನ್ನೂ ಎಳೆದು ತಂದರೆ, ಉಳಿಸಿದ 40 ಲಕ್ಷದ ಬದಲು ಬಡ್ಡಿ ಬಿಟ್ಟೇ 80 ಲಕ್ಷ ಕಟ್ಟಬೇಕು. 80ರ ಶೇಕಡ 64 ಎಂದರೆ ಸುಮಾರು 51 ಲಕ್ಷ. ನೆಟ್ಟಗೆ ಕಟ್ಟಿದ್ದರೆ 40 ಹೋಗುತ್ತಿತ್ತು. ದಂಡ ಏರಿಸದೆ, ಇಪ್ಪತ್ತಕ್ಕೊಂದು ಲಾರಿ ಹಿಡಿಯುವ ಬಡಪಾಯಿ ದಳವೇ ಸಾಕಾಯಿತು.

ಇದಕ್ಕೊಂದು ಷರತ್ತಿದೆ. ಹಳೆಯ ಹತ್ತೊಂಬತ್ತು ಲಾರಿಗಳು ಎಲ್ಲೋ ಗುರುತು ಬಿಟ್ಟಿರಬೇಕು. ಹಿಂದೆ ಅದು ಹಮಾಲರ ಕೂಲಿ ಚೀಟಿಯಲ್ಲೋ, ತೂಕದ ಕಾಟಾದ ರಸೀದಿಯಲ್ಲೋ ಸಿಗಬೇಕಿತ್ತು, ಸಿಗುತ್ತಿರಲಿಲ್ಲ. ಈಗ 50,000 ರೂಪಾಯಿ ಮೀರಿದ ಸಾಗಣೆಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು, ಟೋಲಿನಲ್ಲಿ ಫಾಸ್ಟ್ಯಾಗ್ ಲಾರಿಯ ನಂಬರನ್ನೂ ಹೊತ್ತನ್ನೂ ಬರೆದುಕೊಳ್ಳುತ್ತದೆ. 2021ರಿಂದ ಇವೆರಡನ್ನೂ ಜೋಡಿಸಲಾಗಿದೆ. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ವಾಯಿದೆ. ಕುಮಟೆಯಿಂದ ಮಂಗಳೂರಿಗೆ ಬೆಳಿಗ್ಗೆ ಒಂದು ಲೋಡು, ಅದೇ ಚೀಟಿಯಲ್ಲಿ ರಾತ್ರಿ ಇನ್ನೊಂದು ಲೋಡು ಎಂಬ ಹಳೆಯ ಉಪಾಯಕ್ಕೆ ವಾಯಿದೆಯೊಳಗೆ ಜಾಗವಿದೆ. ಆದರೆ ಹೊಳೆಗದ್ದೆಯಲ್ಲಿ ಅದೇ ಲಾರಿ ಒಂದೇ ದಿನ ಎರಡು ಸಲ ದಕ್ಷಿಣಕ್ಕೆ ಹೋದದ್ದು ದಾಖಲಾಗಿರುತ್ತದೆ.

ಇಷ್ಟು ಹೊತ್ತು ನಾನು ಒಂದು ಸುಳ್ಳನ್ನು ಇಟ್ಟುಕೊಂಡೇ ಮಾತಾಡಿದೆ. ಬಿಲ್ ಹಾಕಿದರೆ ವ್ಯಾಪಾರಿಯ 2 ಲಕ್ಷ ಹೋಗುತ್ತದೆ ಎಂದೆನಲ್ಲ, ನಿಜದಲ್ಲಿ ಹೋಗುವುದಿಲ್ಲ. ಅವನು ಅದನ್ನು ಕೊಳ್ಳುವವನಿಂದ ವಸೂಲು ಮಾಡುತ್ತಾನೆ. ಕೊಂಡವನು ಮುಂದೆ ಮಾರಿದಾಗ ತನ್ನ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುತ್ತಾನೆ. ಬಿಲ್ ಇಲ್ಲದಿದ್ದರೆ ಆ 2 ಲಕ್ಷ ಅವನಿಗೆ ಸಿಗದು. ಆದ್ದರಿಂದ ನೆಟ್ಟಗಿನ ಗಿರಾಕಿ ಬಿಲ್ ಕೇಳುತ್ತಾನೆ. ಅವನೇ ಪುಕ್ಕಟೆ ಆಡಿಟರು. ಮಂಡಿಯವರು ಬಿಲ್ ಹಾಕುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ.

ಹಾಗಾದರೆ ಅಡಿಕೆಯಲ್ಲಿ ತೆರಿಗೆ ಕಳವಿನ ಸುದ್ದಿ ಮತ್ತೆ ಮತ್ತೆ ಬರುವುದೇಕೆ? ಸರಪಳಿಯ ಆ ತುದಿಯನ್ನು ನೋಡಿ. ಸಾಕಷ್ಟು ಅಡಿಕೆ ಹೋಗುವುದು ಪಾನ್ ಮಸಾಲೆಗೆ. ಜಿಎಸ್‌ಟಿ ಬಂದ ಮೇಲೆ ವರ್ಷಗಳ ಕಾಲ ಪಾನ್ ಮಸಾಲೆಗೆ ಶೇಕಡ 28 ತೆರಿಗೆ, ಅದರ ಮೇಲೆ ಭಾರೀ ಸೆಸ್. ನಾಲ್ಕು ಪ್ಯಾಕೆಟ್ ತಯಾರಿಸಿ ಎರಡನ್ನು ಮಾತ್ರ ಲೆಕ್ಕಕ್ಕೆ ತೋರಿಸಬೇಕಾದ ಕಾರ್ಖಾನೆಗೆ ನಾಲ್ಕು ಪ್ಯಾಕೆಟ್ಟಿನ ಅಡಿಕೆಗೆ ಬಿಲ್ ಇರಕೂಡದು. ಕಾರ್ಖಾನೆಯವನಿಗೆ ಶೇಕಡ 5ರ ಚಿಂತೆಯೇ ಇಲ್ಲ. ಬಿಲ್ಲಿಲ್ಲದ ಚಾಲಿಗೆ ಕಿಲೋಗೆ 60 ರೂಪಾಯಿ ಹೆಚ್ಚು ಕೊಡುತ್ತೇನೆ ಎಂದ ಎನ್ನಿ. ಹತ್ತು ಟನ್ನಿಗೆ 6 ಲಕ್ಷ. ಈಗ ನಮ್ಮ ವ್ಯಾಪಾರಿಯ ಲೆಕ್ಕ: ತಪ್ಪಿಸಿಕೊಂಡರೆ 6 ಲಕ್ಷ ಲಾಭ, ಸಿಕ್ಕಿದರೆ 4 ಲಕ್ಷ ನಷ್ಟ. ಹತ್ತರಲ್ಲಿ ಆರು ಲಾರಿ ಹಿಡಿದರೆ ಮಾತ್ರ ಸಮ. ದಂಡವನ್ನು ಅಳೆದದ್ದು ಕುಮಟೆಯ ಅಡಿಕೆಯ ತೆರಿಗೆಯಿಂದ, ಆಸೆ ಹುಟ್ಟಿದ್ದು ದೂರದ ಕಾರ್ಖಾನೆಯ ತೆರಿಗೆಯಿಂದ. ಈ ಎರಡು ಅಳತೆ ಕೂಡುವುದಿಲ್ಲ. ಹೆದ್ದಾರಿಯಲ್ಲಿ ಇನ್ನೂ ನಾಲ್ಕು ಜೀಪು ಬಿಡುವುದಕ್ಕಿಂತ ಕಾರ್ಖಾನೆಯ ಪ್ಯಾಕಿಂಗ್ ಯಂತ್ರವನ್ನು ಎಣಿಸುವುದು ಅಗ್ಗ.

ಸರಪಳಿಯ ಕೊನೆಯ ಕೊಂಡಿಯೂ ಸಡಿಲವೇ. ಭಟ್ಕಳದ ಪೇಟೆಯಲ್ಲೋ ಹೊನ್ನಾವರದ ಪೇಟೆಯಲ್ಲೋ ಹಬ್ಬಕ್ಕೆ ಬಟ್ಟೆ ಕೊಳ್ಳುವ ನೀವು ತೆರಿಗೆ ಕಳೆದುಕೊಳ್ಳುವಂತಿಲ್ಲ. 'ಬಿಲ್ ಬೇಡ ಬಿಡಿ, ಸ್ವಲ್ಪ ಕಡಿಮೆ ಮಾಡಿ' ಎನ್ನುವುದು ನಾವೇ, ಅಂಗಡಿಯವರಲ್ಲ.

ಎರಡನೆಯವರ ಕೈಯಲ್ಲಿ ದಾಖಲೆ ಇದ್ದರೆ ಎಷ್ಟು ವ್ಯತ್ಯಾಸ ಎಂಬುದಕ್ಕೆ ಹೊರಗಿನ ಸಾಕ್ಷಿಯೂ ಇದೆ. ಡೆನ್ಮಾರ್ಕಿನಲ್ಲಿ 40,000ಕ್ಕೂ ಹೆಚ್ಚು ತೆರಿಗೆದಾರರನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸಂಬಳದಂತೆ ಬೇರೊಬ್ಬರು ಇಲಾಖೆಗೆ ವರದಿ ಕೊಡುವ ಆದಾಯದಲ್ಲಿ ಕಳವು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ತಾವೇ ಹೇಳಿಕೊಳ್ಳಬೇಕಾದ ಆದಾಯದಲ್ಲಿ ಸಾಕಷ್ಟಿತ್ತು. ಜನ ಅವರೇ, ದೇಶ ಅದೇ, ದಂಡವೂ ಅದೇ. ನಮ್ಮಲ್ಲಿ ಬ್ಯಾಂಕಿನ ಗುಮಾಸ್ತರ ಸಂಬಳ ಫಾರಂ 16ರಲ್ಲಿ ಬರುತ್ತದೆ, ಕಾಸರಕೋಡು ಬಂದರಿನಲ್ಲಿ ಬೆಳಗಿನ ಹರಾಜಿನಲ್ಲಿ ಕೈಬದಲಾದ ನಗದು ಎಲ್ಲೂ ಬರುವುದಿಲ್ಲ. ಗುಮಾಸ್ತರು ಹೆಚ್ಚು ಪ್ರಾಮಾಣಿಕರು ಎಂದು ನಾನಂತೂ ಹೇಳಲಾರೆ.

ಲೆಕ್ಕದ ಹೊರಗೆ ಉಳಿದ ಒಂದನ್ನು ಹೇಳಿಬಿಡುತ್ತೇನೆ. ತಡೆದ ಲಾರಿಗೆ ನೋಟೀಸು ಬರಲು ಏಳು ದಿನ, ಆದೇಶಕ್ಕೆ ಮತ್ತೆ ಏಳು ದಿನ ಹಿಡಿಯಬಹುದು. ನಮ್ಮ ಕರಾವಳಿಯ ಆಷಾಢದಲ್ಲಿ ಎರಡು ವಾರ ಟಾರ್ಪಾಲಿನಡಿ ಬೆವರಿದ ಚಾಲಿಗೆ ಬೂಸ್ಟು ಹಿಡಿದರೆ ಮಂಡಿಯಲ್ಲಿ ಅದಕ್ಕೆ ಕೋಕದ ಬೆಲೆಯೂ ಬಾರದು. ಈ ನಷ್ಟ ಯಾವ ಕಲಮಿನಲ್ಲೂ ಬರೆದಿಲ್ಲ. ಇದು ಎಷ್ಟಾಗುತ್ತದೆ ಎಂದು ಮಂಡಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಈ ಸಭೆಯಲ್ಲಿ ಯಾರಾದರೂ ಇದ್ದರೆ ನನ್ನ ಲೆಕ್ಕವನ್ನು ಈಗಲೇ ತಿದ್ದಬೇಕು.