ಬೀರುವಿನ ಬೀಗ ಮತ್ತು ನಾಲ್ಕನೇ ತರಗತಿ

ವಾರ್ಷಿಕೋತ್ಸವದ ದಿನ ಆಶಯ ಭಾಷಣ ಅಂದರೆ ನೃತ್ಯಕ್ಕೆ ಮೊದಲು ಮುಗಿಸಬೇಕಾದ ಕಷ್ಟ ಅಂತ ನನಗೂ ಗೊತ್ತು. ಪರದೆಯ ಹಿಂದೆ ಎರಡನೇ ತರಗತಿಯ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡು ಬೆವರುತ್ತಿದ್ದಾರೆ. ಹಾಗಾಗಿ ಪುಸ್ತಕದ ಮಹಿಮೆಯನ್ನು ಹೇಳಲು ನಾನು ಹೋಗುವುದಿಲ್ಲ. ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದು ಎಲ್ಲಿ ಮುಗ್ಗರಿಸುತ್ತದೆ, ಅದಕ್ಕೆ ನಾವು ಏನು ಮಾಡುತ್ತಿದ್ದೇವೆ, ಅಷ್ಟು ಮಾತ್ರ ಹೇಳುತ್ತೇನೆ.

ನಾಲ್ಕನೇ ತರಗತಿಯೇ ಏಕೆ? ಮೂರನೇ ತರಗತಿಯವರೆಗೆ ನಮ್ಮ ಮಕ್ಕಳು ನಲಿ-ಕಲಿಯಲ್ಲಿರುತ್ತಾರೆ. ಅಲ್ಲಿ ಕಾರ್ಡು, ಚಿತ್ರ, ಹಾಡು, ಚಿಕ್ಕ ಚಿಕ್ಕ ವಾಕ್ಯ. ನಾಲ್ಕಕ್ಕೆ ಬಂದ ಕೂಡಲೇ ಕೈಗೆ ಪಠ್ಯಪುಸ್ತಕ ಬರುತ್ತದೆ. ಪರಿಸರ ಅಧ್ಯಯನದ ಒಂದು ಪುಟದಲ್ಲಿ ಮೂರನೇ ತರಗತಿಯ ಒಂದು ವಾರದ ಓದು ತುಂಬಿರುತ್ತದೆ. ಅಲ್ಲಿಯವರೆಗೆ ಹೇಗೋ ಸಾಗಿಬಂದ ಮಗು ಈ ಪುಟದ ಮುಂದೆ ಕುಳಿತು ಸುಮ್ಮನಾಗಿಬಿಡುತ್ತದೆ. ಆಮೇಲೆ ನಾವು ‘ಇವನಿಗೆ ಓದುವ ಅಭ್ಯಾಸವೇ ಇಲ್ಲ, ಬರೀ ಮೊಬೈಲು’ ಅನ್ನುತ್ತೇವೆ. ಮೊಬೈಲಿನ ದೂರು ಸುಳ್ಳಲ್ಲ. ಆದರೆ ಮೊಬೈಲು ಇಲ್ಲದ ಮನೆಯ ಮಗುವೂ ಹೀಗೆಯೇ ಸುಮ್ಮನಾಗುತ್ತದೆ.

ಈ ವರ್ಷ ಜೂನ್‌ನಲ್ಲಿ ನಮ್ಮ ಶಿಕ್ಷಕಿಯರು ನಾಲ್ಕನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಿದರು. ಅಸರ್ ಸಮೀಕ್ಷೆಯವರು ಮನೆಮನೆಗೆ ಬಂದು ಮಾಡುವ ಕ್ರಮದಲ್ಲೇ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಚಿಕ್ಕ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಒಬ್ಬೊಬ್ಬರಾಗಿ ಅನ್ನುವುದು ಮುಖ್ಯ. ಇಡೀ ತರಗತಿ ಒಟ್ಟಿಗೆ ರಾಗವಾಗಿ ಓದುವಾಗ ಎಲ್ಲರಿಗೂ ಓದು ಬರುತ್ತದೆ! ಮುಂದಿನ ಸಾಲಿನ ನಾಲ್ಕು ಮಕ್ಕಳು ಓದುತ್ತಾರೆ, ಉಳಿದವರ ಬಾಯಿ ಅರ್ಧ ಕ್ಷಣ ತಡವಾಗಿ ಆಡುತ್ತದೆ. ಪಾಠ ಬಾಯಿಪಾಠವಾದ ಮಗುವಂತೂ ಪುಸ್ತಕ ತಲೆಕೆಳಗಾಗಿದ್ದರೂ ಓದಬಲ್ಲದು. ಕಂಡುಹಿಡಿಯುವುದು ಸುಲಭ. ಚಿತ್ರವನ್ನು ಕೈಯಿಂದ ಮುಚ್ಚಿ, ಪುಟದ ನಡುವಿನ ಒಂದು ಸಾಲು ತೋರಿಸಿ ‘ಇಲ್ಲಿಂದ ಓದು ಮರಿ’ ಅಂದರೆ ಸಾಕು.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಇಲ್ಲೇ ಕೂತಿದ್ದಾಳೆ. ಚುರುಕು ಹುಡುಗಿ, ಅಂಗಡಿಯ ಲೆಕ್ಕದಲ್ಲಿ ನನ್ನನ್ನೂ ಸೋಲಿಸುತ್ತಾಳೆ. ಅಕ್ಷರಮಾಲೆ ಬರುತ್ತದೆ, ಕಾಗುಣಿತ ಬರುತ್ತದೆ, ‘ಅಕ್ಕ’, ‘ಅಜ್ಜಿ’ ಬರುತ್ತದೆ. ಶಿಕ್ಷಕಿ ಅವಳಿಗಾಗಿ ಬರೆದುಕೊಟ್ಟ ವಾಕ್ಯ ಇದು: ‘ಮಳೆ ನಿಂತ ಮೇಲೆ ಅಜ್ಜಿ ಪಾತ್ರೆಗಳನ್ನು ಸೂರ್ಯನ ಬಿಸಿಲಿಗೆ ಇಟ್ಟಳು.’ ಅವಳು ಓದಿದ್ದು: ಮಳೆ ನಿಂತ ಮೇಲೆ ಅಜ್ಜಿ ಪಾ… ತೆ… ರ… ಗಳನ್ನು ಸೂ… ಯ… ರ… ಅಲ್ಲಿ ನಿಂತಳು, ಆಮೇಲೆ ತಡವರಿಸುತ್ತ ಹೇಗೋ ಕೊನೆ ಮುಟ್ಟಿದಳು. ‘ಯಾರು ಇಟ್ಟಿದ್ದು?’ ಅಂದರೆ ಗೊತ್ತಿಲ್ಲ. ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಓದಿದ್ದು ತೂತು ಬಿಂದಿಗೆಯ ನೀರಿನಂತೆ ಸೋರಿಹೋಗಿತ್ತು.

ಇದರಲ್ಲಿ ಅವಳ ದಡ್ಡತನವೇನೂ ಇಲ್ಲ, ಅವಳು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದಳು. ‘ತ್ರೆ’ ನೋಡಿ. ಏತ್ವ ಮೇಲೆ ತಕಾರದ ತಲೆಗೆ ಅಂಟಿಕೊಂಡಿದೆ, ರಕಾರದ ಒತ್ತು ಕೆಳಗಿದೆ. ಕಣ್ಣು ಮೊದಲು ‘ತೆ’ ಅನ್ನುತ್ತದೆ, ಆಮೇಲೆ ‘ರ’ ಅನ್ನುತ್ತದೆ. ನಾಲಗೆ ಮಾತ್ರ ತ್, ರ್, ಎ ಅನ್ನಬೇಕು. ಅಂದರೆ ಕಣ್ಣು ಮೇಲಿನಿಂದ ಕೆಳಗಿಳಿದು ಮತ್ತೆ ಮೇಲೆ ಹತ್ತಬೇಕು. ‘ಸೂರ್ಯ’ದಲ್ಲಿ ಇನ್ನೊಂದು ಫಜೀತಿ. ಅರ್ಕಾವತ್ತು ಬರೆಯುವುದು ‘ಯ’ ಆದ ಮೇಲೆ, ಉಚ್ಚರಿಸುವುದು ‘ಯ’ಕ್ಕೆ ಮೊದಲು. ನಾವು ದೊಡ್ಡವರು ಇದನ್ನೆಲ್ಲ ಗಮನಿಸುವುದೇ ಇಲ್ಲ, ಇಡೀ ಪದ ಒಂದೇ ಏಟಿಗೆ ಕಣ್ಣಿಗೆ ಬೀಳುತ್ತದೆ. ‘ಅಕ್ಕ’ದಂಥ ಸಜಾತೀಯ ಒತ್ತಿಗೆ ಈ ಗೋಜಲು ಇಲ್ಲ, ಎರಡೂ ಒಂದೇ ಅಕ್ಷರವಾದ್ದರಿಂದ ಹಿಂದುಮುಂದಾದರೂ ತಪ್ಪಾಗದು. ವಿಜಾತೀಯ ಒತ್ತಿನಲ್ಲಿ ಮಗು ಸಿಕ್ಕಿಕೊಳ್ಳುತ್ತದೆ. ನಾಲ್ಕನೇ ತರಗತಿಯ ಪಠ್ಯದಲ್ಲಿ ಪ್ರಾಣಿ, ವೃಕ್ಷ, ಆಸ್ಪತ್ರೆ, ರಾಜ್ಯ, ವಸ್ತ್ರ ಎಲ್ಲ ಅಂಥವೇ.

ಪ್ರತಿ ಸಾಲಿಗೂ ಎರಡು ಕಡೆ ಎಡವುವ ಮಗು ಓದನ್ನು ಇಷ್ಟಪಡಲಿ ಎಂದು ಬಯಸುವುದು ಅನ್ಯಾಯ. ಎಡವುವುದರಿಂದ ಓದುವುದಿಲ್ಲ, ಓದದೆ ಇರುವುದರಿಂದ ಎಡವುವುದು ನಿಲ್ಲುವುದಿಲ್ಲ. ಈ ಸುತ್ತನ್ನು ಎಲ್ಲಿಂದಾದರೂ ಕತ್ತರಿಸಬೇಕು. ಉಪದೇಶದಿಂದ ಆಗುವುದಿಲ್ಲ, ಪಠ್ಯಪುಸ್ತಕವನ್ನೇ ಮತ್ತೆ ಮತ್ತೆ ಓದಿಸಿದರೂ ಆಗುವುದಿಲ್ಲ. ಮಗುವಿಗೆ ಸುಲಭವೆನಿಸುವ ಪುಸ್ತಕ ಬೇಕು, ಅದೂ ರಾಶಿ ರಾಶಿ ಬೇಕು, ಮನೆಗೆ ಒಯ್ಯುವಂತಿರಬೇಕು.

ಸುಲಭದ ಪುಸ್ತಕ ಎಲ್ಲಿದೆ ಎಂದು ಕೇಳುತ್ತೀರಿ. ಶಿಕ್ಷಕರೇ, ನಿಮ್ಮ ಬೀರುವಿನಲ್ಲೇ ಇರಬಹುದು, ಹುಡುಕಿ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರು ಕಥೆಪುಸ್ತಕಗಳಿಗೆ ಒಂದರಿಂದ ನಾಲ್ಕರವರೆಗೆ ಹಂತ ಕೊಡುತ್ತಾರೆ. ಒಂದನೇ ಹಂತದ ಕಥೆಯಲ್ಲಿ ಸುಮಾರು 250 ಪದಗಳೊಳಗೆ ಎಲ್ಲ ಮುಗಿಯುತ್ತದೆ, ನಾಲ್ಕನೇ ಹಂತ 1,500 ಪದ ದಾಟುತ್ತದೆ. 2015ರಿಂದ ಅವರ ಸ್ಟೋರಿವೀವರ್ ತಾಣದಲ್ಲಿ ಇಂಥ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳಿವೆ. ಭಾರತ-ಭಾರತಿಯ ಪುಟ್ಟ ಜೀವನಚರಿತ್ರೆಗಳಿವೆ, ಆದರೆ ಅವು ಆರು-ಏಳನೇ ತರಗತಿಗೆ ಸರಿ, ನಾಲ್ಕಕ್ಕೆ ಭಾರ. ನಮ್ಮ ಬೀರುವಿನಲ್ಲಿ ಕಾರಂತರ ‘ಬಾಲ ಪ್ರಪಂಚ’ವೂ ಇದೆ. 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದ ವಿಶ್ವಕೋಶ. ಅಷ್ಟು ದೊಡ್ಡ ಕೆಲಸವನ್ನು ನಾನು ಕೈಮುಗಿದು ನೋಡುತ್ತೇನೆ. ಆದರೆ ‘ಪಾತ್ರೆ’ಯಲ್ಲಿ ನಿಂತ ಮಗುವಿನ ಕೈಗೆ ಅದನ್ನು ಕೊಡುವುದಿಲ್ಲ.

ಪುಸ್ತಕ ಆರಿಸಲು ಮಕ್ಕಳಿಗೆ ಐದು ಬೆರಳಿನ ಲೆಕ್ಕ ಹೇಳಿಕೊಟ್ಟಿದ್ದೇವೆ. ಯಾವುದಾದರೂ ಒಂದು ಪುಟ ತೆರೆದು ಓದು, ಬಾರದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚು. ಪುಟ ಮುಗಿಯುವುದರೊಳಗೆ ಮುಷ್ಟಿ ಕಟ್ಟಿದರೆ ಆ ಪುಸ್ತಕ ಇನ್ನೊಂದು ತಿಂಗಳು ಕಾಯಲಿ. ನಾಲ್ಕನೆಯವಳು ಒಂದನೇ ತರಗತಿಯ ಪುಸ್ತಕ ಹಿಡಿದರೆ ನಗುವ ಮಕ್ಕಳಿರುತ್ತಾರೆ. ಅದಕ್ಕೆ ನಾವು ‘ತಂಗಿ ತಮ್ಮಂದಿರಿಗೆ ಓದಿ ಹೇಳುವ ಕೆಲಸ’ ಅಂತ ಒಂದು ನೆಪ ಹೂಡಿದೆವು. ದೊಡ್ಡ ಹುಡುಗರೂ ಮರ್ಯಾದೆಯಿಂದ ಚಿಕ್ಕ ಪುಸ್ತಕ ಓದತೊಡಗಿದರು.

ಆ ಹುಡುಗಿಗೆ ಮಾಡಿದ್ದು ಇಷ್ಟು. ಬೆಳಗಿನ ಪ್ರಾರ್ಥನೆಯ ನಂತರ ಹದಿನೈದು ನಿಮಿಷ. ಆ ದಿನದ ಕಥೆಯಿಂದಲೇ ಮೂರು ಒತ್ತಕ್ಷರದ ಪದಗಳನ್ನು ಚೀಟಿಯಲ್ಲಿ ಬರೆದು ಮೊದಲು ಅವನ್ನು ಬಿಡಿಸಿ ಹೇಳಿಸುವುದು. ಮೂರೇ, ಹೆಚ್ಚಿಲ್ಲ. ಆಮೇಲೆ ಶಿಕ್ಷಕಿ ಸಾಲಿನ ಕೆಳಗೆ ಬೆರಳಾಡಿಸುತ್ತ ಒಮ್ಮೆ ಓದುತ್ತಾರೆ, ಇಬ್ಬರೂ ಜೊತೆಯಾಗಿ ಒಮ್ಮೆ ಓದುತ್ತಾರೆ, ಕೊನೆಗೆ ಅವಳೊಬ್ಬಳೇ. ಮಾರನೆಯ ದಿನವೂ ಅದೇ ಕಥೆ. ಮಕ್ಕಳಿಗೆ ಒಂದೇ ಕಥೆ ಎರಡು ಮೂರು ದಿನ ಬೇಸರ ತರುವುದಿಲ್ಲ. ಮೂರನೇ ದಿನ ತಡವರಿಕೆ ಹೋಗಿ ದನಿಯಲ್ಲಿ ಏರಿಳಿತ ಬರುತ್ತದೆ. ಅಜ್ಜಿ ಮಾತಾಡುವಲ್ಲಿ ಅಜ್ಜಿಯ ದನಿ ಬಂದರೆ, ಅವಳು ಅಕ್ಷರ ದಾಟಿ ಕಥೆಗೆ ಬಂದಳು ಅಂತ ಲೆಕ್ಕ. ಆಗ ಪುಸ್ತಕ ಬದಲಾಯಿಸುತ್ತೇವೆ. ದಸರಾ ರಜೆಗೆ ಮುನ್ನ ಎರಡನೇ ಹಂತ, ಸಂಕ್ರಾಂತಿ ಹೊತ್ತಿಗೆ ಮೂರನೆಯದು ಅವಳ ಕೈಯಲ್ಲಿತ್ತು. ‘ರಾಷ್ಟ್ರ’, ‘ವಸ್ತ್ರ’ದಂಥ ಮೂರಕ್ಷರದ ಒತ್ತಿನಲ್ಲಿ ಈಗಲೂ ತಡವರಿಸುತ್ತಾಳೆ, ಆದರೆ ನಿಲ್ಲುವುದಿಲ್ಲ.

ಎಲ್ಲ ಮಕ್ಕಳಿಗೂ ಇದೇ ಮದ್ದು ಅಲ್ಲ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡುವ ಕೆಲವು ಮಕ್ಕಳು ನಮ್ಮಲ್ಲಿದ್ದಾರೆ. ಅವರಲ್ಲಿ ಒಬ್ಬ ಒತ್ತಕ್ಷರವನ್ನೂ ಸರಾಗವಾಗಿ ಓದುತ್ತಾನೆ. ಪುಸ್ತಕ ಮುಚ್ಚಿ ‘ಏನಾಯಿತು ಹೇಳು’ ಅಂದರೆ ಬಾಯಿ ಬಿಡುವುದಿಲ್ಲ. ಅವನಿಗೆ ಚೀಟಿ ಬರೆದು ಉಪಯೋಗವಿಲ್ಲ. ಓದುವ ಮೊದಲು ಚಿತ್ರ ನೋಡುತ್ತ ಕನ್ನಡದಲ್ಲಿ ಹರಟಬೇಕು, ಅವನ ಮಾತಿನಲ್ಲಿ ಇದಕ್ಕೇನಂತಾರೆ ಅಂತ ಕೇಳಬೇಕು. ಇನ್ನೊಬ್ಬಳಿಗೆ ಬೇಕಾಗಿದ್ದುದು ಕನ್ನಡಕ. ವರ್ಷವಿಡೀ ಹೀಗೆಲ್ಲ ಮಾಡಿದರೂ ಅಕ್ಷರವೇ ನಿಲ್ಲದ ಮಗು ಇದ್ದರೆ, ದಯವಿಟ್ಟು ಸೋಮಾರಿ ಅನ್ನದೆ ತಜ್ಞರಿಗೆ ತೋರಿಸೋಣ.

ಈಗ ತಂದೆ ತಾಯಂದಿರಿಗೆ. ನಿಮ್ಮಲ್ಲಿ ಹಲವರು ಗಾರ್ಮೆಂಟ್ಸ್ ಬಸ್ಸು ಇಳಿದು ಮನೆ ಸೇರುವಾಗ ಕತ್ತಲಾಗಿರುತ್ತದೆ. ‘ನಮಗೇ ಓದು ಬರೋದಿಲ್ಲ ಮೇಡಂ, ಮಗೂಗೆ ಏನು ಹೇಳಿಕೊಡೋದು’ ಅಂತ ಹೇಳಿದ್ದೀರಿ. ಹೇಳಿಕೊಡುವುದು ನಮ್ಮ ಕೆಲಸ, ನೀವು ಕೇಳಿಸಿಕೊಳ್ಳಿ ಸಾಕು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಲೇ ಕೇಳಬಹುದು. ಆ ಹುಡುಗಿಯ ಅಜ್ಜಿ ಹಾಗೆಯೇ ಕೇಳುತ್ತಿದ್ದರು, ಅವರಿಗೆ ಅಕ್ಷರ ಬರುವುದಿಲ್ಲ. ಮೊಮ್ಮಗಳು ನಿಂತಾಗ ‘ಆಮೇಲೆ?’ ಅನ್ನುತ್ತಿದ್ದರಂತೆ, ಅಷ್ಟೇ. ತಪ್ಪು ತಿದ್ದಲು ಹೋಗಬೇಡಿ, ಬಾರದ ಪದಕ್ಕೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು ಮುಂದೆ ಹೋಗಲಿ. ಬೆಳಗ್ಗೆ ಚುಕ್ಕಿಗಳನ್ನು ನಾವು ನೋಡಿಕೊಳ್ಳುತ್ತೇವೆ.

ಶಿಕ್ಷಕರಿಗೆ ಬೀಗದ ಮಾತು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಮೊದಲ ಸೂತ್ರವಾಗಿಸಿದರು. ನಮ್ಮ ಬೀರುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕಾರಣ ಸೋಮಾರಿತನವಲ್ಲ, ಹೆದರಿಕೆ. ಸ್ಟಾಕ್ ರಿಜಿಸ್ಟರಿನಲ್ಲಿ ಪುಸ್ತಕ ಕಡಿಮೆಯಾದರೆ, ಚಾರ್ಜ್ ಕೊಡುವ ದಿನ ಯಾರು ಉತ್ತರಿಸಬೇಕು ಅನ್ನುವುದು. ಅದಕ್ಕೆ ನಾವು ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿದ್ದೇವೆ: ಮಕ್ಕಳ ಬಳಕೆಯಲ್ಲಿ ಹರಿದ, ಕಳೆದ ಕಥೆಪುಸ್ತಕಗಳನ್ನು ವರ್ಷಕ್ಕೊಮ್ಮೆ ಸಮಿತಿಯ ಮುಂದಿಟ್ಟು ದಾಖಲಿಸುವುದು, ಮಗುವಿನಿಂದ ದುಡ್ಡು ವಸೂಲಿ ಮಾಡದಿರುವುದು. ಈಗ ಒಂದನೇ ಹಂತದ ಪುಸ್ತಕಗಳು ಬೀರುವಿನಲ್ಲಿಲ್ಲ, ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ನೇತಾಡುತ್ತಿವೆ. ಮುಖಪುಟ ಕಾಣಬೇಕು, ಬೆನ್ನು ಕಂಡು ಆರು ವರ್ಷದ ಮಗು ಪುಸ್ತಕ ಆರಿಸುವುದಿಲ್ಲ. ಕೊಟ್ಟದ್ದು, ಬಂದದ್ದು ಬರೆಯುವವರು ಐದನೇ ತರಗತಿಯ ಮಕ್ಕಳು. ಅವರ ಲೆಕ್ಕ ನಮ್ಮದಕ್ಕಿಂತ ಕರಾರುವಾಕ್ಕು.

ಇನ್ನು ಸ್ವಲ್ಪ ಹೊತ್ತಿಗೆ ಬಹುಮಾನ ವಿತರಣೆ. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಎಂಬ ಬಹುಮಾನ ಪಟ್ಟಿಯಲ್ಲಿ ಇಲ್ಲ, ಕೆಲವು ಪೋಷಕರು ಏಕೆ ಅಂತ ಕೇಳಿದರು. ಸಂಖ್ಯೆಗೆ ಬಹುಮಾನ ಇಟ್ಟರೆ ಮಗು ತೆಳ್ಳಗಿನ ಪುಸ್ತಕ ಹುಡುಕುತ್ತದೆ, ಪುಟ ಮಗುಚಿ ‘ಆಯ್ತು’ ಅನ್ನುತ್ತದೆ. ಒಂದೇ ಕಥೆಯನ್ನು ಮೂರು ದಿನ ಓದುವವಳು ಆ ಪಂದ್ಯದಲ್ಲಿ ಕೊನೆಗೇ ಉಳಿಯುತ್ತಾಳೆ.

ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ, ಹತ್ತು ತಿಂಗಳು ಕಲಿತದ್ದು ಆಗಲೇ ಜಾರುವುದು. ಆಗ ಪುಸ್ತಕಕ್ಕೆ ಮಕ್ಕಳು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಬಹುದು. ಈ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಶುರುವಾಯಿತು. ನಮ್ಮೂರಿನ ಅರಿವು ಕೇಂದ್ರದ ಮೇಲ್ವಿಚಾರಕರು ಸದಸ್ಯತ್ವದ ಫಾರಂ ತಂದು ಗೇಟಿನ ಬಳಿಯ ಮೇಜಿನ ಮುಂದೆ ಕೂತಿದ್ದಾರೆ. ಊಟಕ್ಕೆ ಹೋಗುವ ಮೊದಲು ನಾಲ್ಕು ಮತ್ತು ಐದನೇ ತರಗತಿಯ ಪೋಷಕರು ಅಲ್ಲಿಗೆ ಬನ್ನಿ, ಬರೆಯಲು ಬಾರದವರಿಗೆ ನಿಮ್ಮ ಮಕ್ಕಳೇ ತುಂಬಿಕೊಡುತ್ತಾರೆ. ರಜೆಯಲ್ಲಿ ಕೇಂದ್ರ ಯಾವ ಹೊತ್ತಿನಲ್ಲಿ ತೆರೆದಿರಬೇಕು ಅನ್ನುವುದನ್ನೂ ಅವರಿಗೆ ಹೇಳಿ. ಬೆಳಗ್ಗೆ ಬೇಗ ತೆರೆದರೆ ಬಿಸಿಲು ಏರುವ ಮುನ್ನ ಮಕ್ಕಳು ಹೋಗಿ ಬರಬಹುದು ಅಂತ ನಾನು ಈಗಾಗಲೇ ಕೇಳಿದ್ದೇನೆ, ನೀವೂ ಕೇಳಿ.